ಅನುವಾದವಾದ ಪತ್ರ ನಿಮ್ಮ ಮಾತನ್ನೇ ಹೇಳುತ್ತಿದೆಯೇ? ತಿರುಗಿಸಿ ನೋಡುವುದು ಹೀಗೆ

ನಿಮಗೆ ಬಾರದ ಭಾಷೆಯಲ್ಲಿ ಗ್ರಾಹಕರಿಗೆ ಪತ್ರ ಹೋಗಬೇಕಿದೆ. ಅನುವಾದ ಸರಿಯಿದೆಯೇ ಎಂದು ನೀವೇ ಓದಿ ತಿಳಿಯಲಾರಿರಿ. ಆಗ ಅದನ್ನು ಇನ್ನೊಬ್ಬರಿಂದ ಮತ್ತೆ ಕನ್ನಡಕ್ಕೆ ತರಿಸಿ ನೋಡಬೇಕು. ಇದೇ ಹಿಮ್ಮುಖ ಅನುವಾದ.

ಈ ಎರಡನೆಯವರಿಗೆ ಮೂಲ ಪತ್ರವನ್ನು ತೋರಿಸಲೇಬೇಡಿ. ಮೂಲ ಕಂಡವರು ತಪ್ಪಿದ್ದಲ್ಲೂ ಸರಿಯಾದ ಅರ್ಥವನ್ನೇ ಓದಿಕೊಳ್ಳುತ್ತಾರೆ. ಭಾಷೆ ಚೆಂದಗಾಣಿಸುವುದು ಬೇಡ, ಇದ್ದದ್ದನ್ನು ಇದ್ದಂತೆ ಬರೆಯಿರಿ, ಎರಡು ಅರ್ಥ ಬರುವಂತಿದ್ದರೆ ಎರಡನ್ನೂ ಕೊಡಿ ಎಂದು ಮೊದಲೇ ಹೇಳಿ.

ಮೂಲದಲ್ಲಿ ಹೀಗಿತ್ತು ಎನ್ನೋಣ: ‘ಮುಂಗಡ ಹಣ ನಮ್ಮ ಖಾತೆಗೆ ಜಮೆಯಾದ 10 ಕೆಲಸದ ದಿನಗಳೊಳಗೆ ಸರಕು ರವಾನಿಸುತ್ತೇವೆ. ಮೇ 20ರೊಳಗೆ ಹಣ ಬರದಿದ್ದರೆ ಈ ದರ ಬದಲಾಗಬಹುದು.’

ತಿರುಗಿ ಬಂದದ್ದು: ‘ನೀವು ಮುಂಗಡ ಕಳುಹಿಸಿದ 10 ದಿನಗಳಲ್ಲಿ ಸರಕು ತಲುಪುತ್ತದೆ. ಮೇ 20ರೊಳಗೆ ಹಣ ಸಿಗದಿದ್ದರೆ ದರ ಬದಲಾಗುತ್ತದೆ.’

‘ಬರದಿದ್ದರೆ’ ಎಂಬುದು ‘ಸಿಗದಿದ್ದರೆ’ ಆಗಿದೆ, ಚಿಂತೆಯಿಲ್ಲ. ಪದ ಬದಲಾದದ್ದಕ್ಕೆಲ್ಲ ಕೆಂಪು ಗೆರೆ ಎಳೆಯುತ್ತ ಕುಳಿತರೆ ನಿಜವಾದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಯಾರು, ಏನು, ಯಾವಾಗಿನಿಂದ, ಯಾವ ಷರತ್ತಿಗೆ, ಖಚಿತವೋ ಸಾಧ್ಯತೆಯೋ ಎಂಬುದನ್ನಷ್ಟೇ ಹೋಲಿಸಿ. ಆಗ ಇಲ್ಲಿ ನಾಲ್ಕು ಕಡೆ ಅರ್ಥ ಜಾರಿರುವುದು ಕಾಣುತ್ತದೆ. ಲೆಕ್ಕ ಜಮೆಯಾದ ದಿನದ ಬದಲು ಕಳುಹಿಸಿದ ದಿನದಿಂದ ಶುರುವಾಗಿದೆ. ರಜೆಗಳೂ ಎಣಿಕೆಗೆ ಸೇರಿವೆ. ರವಾನೆಯ ಗಡುವು ತಲುಪಿಸುವ ಗಡುವಾಗಿದೆ, ಅಂದರೆ ಸಾಗಣೆಯ ದಿನಗಳೂ ನಿಮ್ಮ ತಲೆಯ ಮೇಲೆ ಬಂದಿವೆ. ಕೊನೆಗೆ, ‘ಬಹುದು’ ಎಂಬುದು ಮಾಯವಾಗಿ ಬರೀ ಸೂಚನೆ ಖಡಾಖಂಡಿತ ನಿರ್ಧಾರವಾಗಿದೆ.

ಹಾಗೆಂದು ಮೊದಲ ಅನುವಾದಕರೇ ತಪ್ಪಿದ್ದಾರೆ ಎಂದು ತೀರ್ಮಾನಿಸಬೇಡಿ. ತಿರುಗಿಸುವಾಗಲೂ ಎಡವಿರಬಹುದು. ವ್ಯತ್ಯಾಸ ಕಂಡ ವಾಕ್ಯವನ್ನಷ್ಟೇ ಗುರುತು ಮಾಡಿ, ಅಲ್ಲಿ ಯಾವ ಪದವಿದೆ, ಅದಕ್ಕೆ ಬೇರೆ ಅರ್ಥವೂ ಇದೆಯೇ ಎಂದು ಇಬ್ಬರನ್ನೂ ಕೇಳಿ. ಪತ್ರದಲ್ಲೇ ತಪ್ಪಿದ್ದರೆ ಮೊದಲನೆಯವರು ತಿದ್ದಲಿ. ತಿದ್ದಿದ ವಾಕ್ಯವನ್ನು ಈವರೆಗೆ ಏನನ್ನೂ ಓದದ ಮೂರನೆಯವರಿಂದ ತಿರುಗಿಸಿಕೊಳ್ಳಿ, ಏಕೆಂದರೆ ಎರಡನೆಯವರಿಗೆ ಈಗ ನಿಮ್ಮ ಉದ್ದೇಶ ಗೊತ್ತಾಗಿಬಿಟ್ಟಿದೆ.

ಎಲ್ಲವೂ ಹೊಂದಿಕೊಂಡಾಗಲೂ ಒಂದು ಅಪಾಯ ಉಳಿಯುತ್ತದೆ. ‘ನಮ್ಮ ಕೈ ಬಿಡಬೇಡಿ’ ಎಂಬುದನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಅದು ಅಷ್ಟೇ ನಿಖರವಾಗಿ ‘ಕೈ ಬಿಡಬೇಡಿ’ ಎಂದೇ ಹಿಂದಿರುಗುತ್ತದೆ. ಅಲ್ಲಿನ ಓದುಗರಿಗೆ ಮಾತ್ರ ಯಾರ ಕೈ, ಏಕೆ ಬಿಡಬಾರದು ಎಂದೇ ತಿಳಿಯುವುದಿಲ್ಲ. ವಿನಯ, ಒರಟುತನಗಳೂ ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದಿಲ್ಲ. ಹೀಗಾಗಿ ಆ ಭಾಷೆಯನ್ನೇ ಮನೆಮಾತಾಗಿ ಆಡುವ ಒಬ್ಬರಿಗೆ ಪತ್ರವನ್ನಷ್ಟೇ ಕೊಟ್ಟು, ‘ಇದು ನಿಮಗೆ ಬಂದರೆ ಏನು ಮಾಡುತ್ತೀರಿ, ಯಾವ ದಿನದೊಳಗೆ?’ ಎಂದು ಕೇಳಿ. ಅವರು ಹೇಳಿದ ಕೆಲಸ, ತಾರೀಖು ನಿಮ್ಮದಕ್ಕೆ ತಾಳೆಯಾದ ಮೇಲೆ ಪತ್ರ ಕಳುಹಿಸಿ.