ಕಾಂಟ್ರಾಕ್ಟ್ ನಡುವೆ ರೇಟು ಏರಿಸಿ ಅಂದಾಗ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಅಗರಬತ್ತಿ ಘಟಕದಲ್ಲಿ ನಾನು ಖರೀದಿ ನೋಡಿಕೊಳ್ಳುತ್ತೇನೆ. ಕಳೆದ ನವೆಂಬರ್‌ನಲ್ಲಿ ನಮಗೆ ರಟ್ಟಿನ ಬಾಕ್ಸ್ ಕೊಡುವವರು ಫೋನ್ ಮಾಡಿದರು. "ಸಾರ್, ಕ್ರಾಫ್ಟ್ ಪೇಪರ್ ರೇಟು ಏರಿಬಿಟ್ಟಿದೆ. ಬಾಕ್ಸಿಗೆ 36 ರೂಪಾಯಿ ಗಿಟ್ಟಲ್ಲ, 41 ಮಾಡಿಕೊಡಿ" ಅಂದರು.

"ನೋಡೋಣ" ಅನ್ನಲು ಬಾಯಿಗೆ ಬಂದಿತ್ತು, ತಡೆದುಕೊಂಡೆ. ಆ ಮಾತನ್ನು ಅವರು ಒಪ್ಪಿಗೆ ಅಂದುಕೊಂಡು ಮುಂದಿನ ಬಿಲ್ಲನ್ನೇ 41ಕ್ಕೆ ಮಾಡಿಬಿಡಬಹುದು. "ಬರೆದು ಕಳಿಸಿ ಸಾರ್, ಬರೆದೇ ಉತ್ತರ ಕೊಡ್ತೀನಿ" ಅಂದೆ.

ಅವರ ಪತ್ರದಲ್ಲಿ ಹೊಸ ವಾದವೊಂದಿತ್ತು: "ನಮ್ಮ ಕೊಟೇಶನ್ ವ್ಯಾಲಿಡಿಟಿ 30 ದಿನ ಮಾತ್ರ, ಅದು ಯಾವಾಗಲೋ ಮುಗಿದಿದೆ." ಇಲ್ಲಿ ತುಂಬಾ ಜನ ಎಡವುತ್ತಾರೆ. ಆ 30 ದಿನ ಇರುವುದು ನಾವು ಕೊಟೇಶನ್ ಒಪ್ಪಿಕೊಳ್ಳುವುದಕ್ಕೆ. ಅಷ್ಟರೊಳಗೆ ನಾವು ಪರ್ಚೇಸ್ ಆರ್ಡರ್ ಕೊಟ್ಟಿದ್ದೆವು, ಅವರು ಸಹಿ ಹಾಕಿ, ಸೀಲ್ ಒತ್ತಿ ವಾಪಸ್ ಕೊಟ್ಟಿದ್ದರು. ಅದರಲ್ಲಿ ಒಟ್ಟು 24,000 ಬಾಕ್ಸ್ ಎಂದಿತ್ತು. ಮಾರ್ಚ್ 31ರವರೆಗೆ ರೇಟು ಬದಲಾಗದು, ಸರ್ಕಾರ ತೆರಿಗೆ ಬದಲಿಸಿದರೆ ಮಾತ್ರ ಆ ವ್ಯತ್ಯಾಸ ಸೇರುತ್ತದೆ ಎಂದೂ ಇತ್ತು. ಕಾಗದದ ಬೆಲೆಯ ಬಗ್ಗೆ ಯಾವ ಷರತ್ತೂ ಇರಲಿಲ್ಲ.

ಆರ್ಡರಿನಲ್ಲಿ ಪ್ರಮಾಣ ಬರೆದಿದ್ದು ನಮ್ಮನ್ನು ಕಾಪಾಡಿತು. ಬರೀ ರೇಟು ಒಪ್ಪಂದ ಮಾಡಿಕೊಂಡು, ಬೇಕಾದಾಗ ಆರ್ಡರ್ ಕೊಡುವ ಪದ್ಧತಿಯಾಗಿದ್ದರೆ, ಇನ್ನೂ ಆರ್ಡರ್ ಕೊಡದ ಮಾಲಿಗೆ ಅವರನ್ನು ಕಟ್ಟಿಹಾಕುವುದು ಕಷ್ಟವಾಗುತ್ತಿತ್ತು.

ಉತ್ತರ ಚಿಕ್ಕದಾಗಿಯೇ ಬರೆದೆ. ಆರ್ಡರ್ ನಂಬರ್, ತಾರೀಖು ಹಾಕಿ: "ತಾವು ಸಹಿ ಮಾಡಿದ ಆರ್ಡರಿನ ಪ್ರಕಾರ ರೂ. 36ರ ರೇಟು ಮಾರ್ಚ್ 31ರವರೆಗೆ ಜಾರಿಯಲ್ಲಿದೆ. ಆದ್ದರಿಂದ ರೇಟು ಏರಿಸಲು ಆಗುವುದಿಲ್ಲ. ಬಾಕಿ 10,000 ಬಾಕ್ಸ್‌ಗಳನ್ನು ಇದೇ ರೇಟಿಗೆ ಕಳಿಸುವುದಾಗಿ ಖಚಿತಪಡಿಸಿ. ಮುಂದಿನ ವರ್ಷದ ರೇಟನ್ನು ಫೆಬ್ರವರಿಯಲ್ಲಿ ಕೂತು ಮಾತಾಡೋಣ." ಬಜೆಟ್ ಇಲ್ಲ, ಯಜಮಾನರು ಒಪ್ಪಲ್ಲ ಎಂದೆಲ್ಲ ಬರೆಯಲಿಲ್ಲ. ಹಾಗೆ ಬರೆದರೆ ಸಹಿ ಮಾಡಿದ ಷರತ್ತು ಬದಿಗೆ ಸರಿದು, ಚೌಕಾಸಿ ಶುರುವಾಗುತ್ತದೆ ಅಲ್ವಾ?

ಅವರ ಕಷ್ಟ ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೆ ಯಜಮಾನರ ಹತ್ತಿರ ಮಾತಾಡಿ, 45 ದಿನಕ್ಕೆ ಕೊಡುತ್ತಿದ್ದ ದುಡ್ಡನ್ನು ಉಳಿದ ಮಾಲಿಗೆ 20 ದಿನಕ್ಕೇ ಕೊಡಿಸಿದೆ. ರೇಟು ಮಾತ್ರ ಕದಲಲಿಲ್ಲ.

ಆಮೇಲೆ ಬಂದ ಪ್ರತಿ ಲೋಡಿನಿಂದ ಹತ್ತು ಬಾಕ್ಸ್ ತೆಗೆದು ತೂಗಿಸಿದೆ. ರೇಟು ಸಿಗದಿದ್ದಾಗ ತೆಳು ಕಾಗದ ಹಾಕುವುದುಂಟು, ಕಣ್ಣಿಗೆ ಅದು ಗೊತ್ತಾಗಲ್ಲ. ಎರಡನೇ ಲೋಡಿನಲ್ಲಿ 420 ಗ್ರಾಂ ಇರಬೇಕಾದ ಬಾಕ್ಸ್ 380 ಬಂತು. ತೂಕದ ಚೀಟಿ ಜೊತೆಗೆ ಮಾಲು ವಾಪಸ್ ಕಳಿಸಿದೆ. ಅವರು ಜಗಳ ಮಾಡಲಿಲ್ಲ, ವಾರದೊಳಗೆ ಸರಿಯಾದದ್ದು ಕೊಟ್ಟರು, ಬಿಲ್ಲಿನಲ್ಲಿ 36 ಎಂದೇ ಇತ್ತು.