ಜೂನಿಯರ್‌ಗೆ ಕಲಿಸಿದರೆ ಕೇಸು ಕೈಬಿಟ್ಟು ಹೋಗುತ್ತವೆಯೇ? ಧಾರವಾಡದ ಒಂದು ಆಫೀಸಿನ ಲೆಕ್ಕ

ಬಾರ್ ರೂಮಿನಲ್ಲಿ ನನಗೆ ಹೇಳಿದವರೆಲ್ಲ ಒಂದೇ ಮಾತು ಹೇಳಿದ್ದು: "ಹುಡುಗರಿಗೆ ಡ್ರಾಫ್ಟಿಂಗ್ ಕಲಿಸಬ್ಯಾಡ್ರಿ, ಮೂರು ವರ್ಷಕ್ಕ ನಿಮ್ಮ ಕಕ್ಷಿದಾರರನ್ನ ಕಟ್ಟಿಕೊಂಡು ಹೋಗ್ತಾರ." ಹೋದದ್ದು ನಿಜ. ಆದರೆ ಹೋದವರಿಂದ ತಿರುಗಿ ಬಂದದ್ದು ಅದಕ್ಕಿಂತ ಜಾಸ್ತಿ. ಈಗ ನನ್ನ ಆಫೀಸಿನ ಮೇಲ್ಮನವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಹಳೆಯ ಜೂನಿಯರ್‌ಗಳ ಕೈಯಿಂದ. ಅದು ಹೇಗೆ ಕುದುರಿತು ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ವೃತ್ತಿಯಲ್ಲಿ ಜಾಹೀರಾತು ಹಾಕುವ ಹಾಗಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ನೇರವಾಗಿಯೂ ಬೇಡ, ಸುತ್ತುಬಳಸಿಯೂ ಬೇಡ ಅನ್ನುತ್ತದೆ. ಏಜೆಂಟರನ್ನು ಇಟ್ಟುಕೊಳ್ಳುವುದಂತೂ ಸುತರಾಂ ಇಲ್ಲ. ಹಾಗಾಗಿ ಹೆಸರು ಹಬ್ಬುವುದು ಇನ್ನೊಬ್ಬ ವಕೀಲರ ಬಾಯಿಂದಲೇ. ಧಾರವಾಡಕ್ಕೆ ಇದರಲ್ಲೊಂದು ಅನುಕೂಲ ಇದೆ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಸುತ್ತಲ ಜಿಲ್ಲೆಗಳ ತಾಲೂಕು ಕೋರ್ಟುಗಳಲ್ಲಿ ನಿಂತ ಹುಡುಗನಿಗೆ ಆರ್‌ಎಸ್‌ಎ, ಎಂಎಫ್‌ಎ, ಜಾಮೀನು ಅರ್ಜಿ ಅಂತ ಏನಾದರೊಂದಕ್ಕೆ ಇಲ್ಲಿ ಒಬ್ಬರು ಬೇಕೇ ಬೇಕು. ಆ ಒಬ್ಬರು ಯಾರು ಅನ್ನುವುದು ಅವನು ಜೂನಿಯರ್ ಆಗಿದ್ದಾಗಲೇ ತೀರ್ಮಾನ ಆಗಿರುತ್ತದೆ.

ಹುಡುಕುವುದು ಸನ್ನದು ಪಡೆದ ಮೇಲಲ್ಲ, ಅದಕ್ಕಿಂತ ಮುಂಚೆ. ಕಾನೂನು ವಿದ್ಯಾರ್ಥಿಗಳಿಗೆ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ರೆಕಾರ್ಡ್ ಬರೆಯುವ ಕೆಲಸ ಇರುತ್ತದೆ, ಅದಕ್ಕೆ 30 ಅಂಕ. ಕಕ್ಷಿದಾರರ ಸಂದರ್ಶನ ನೋಡಿ ಡೈರಿ ಬರೆಯುವುದಕ್ಕೆ ಇನ್ನೂ 15. ಬಹುತೇಕರು ಹಿಂದಿನ ವರ್ಷದವರ ಪುಸ್ತಕ ನೋಡಿ ಇಳಿಸುತ್ತಾರೆ. ನಾನು ಮಾಡಿದ್ದು ಇಷ್ಟೇ: ಪುರಾವೆ ಹಂತದಲ್ಲಿರುವ ಎರಡು ಕಡತ ಕೊಟ್ಟು, ಆರ್ಡರ್ ಶೀಟ್ ಓದಿಸಿ, ಮುಂದಿನ ನಾಲ್ಕೈದು ತಾರೀಕಿಗೆ ಕೋರ್ಟ್ ಹಾಲಿನಲ್ಲಿ ಕೂರಿಸುವುದು. ಸಂಜೆ ಆಫೀಸಿಗೆ ಬಂದು ಸಾಕ್ಷಿ ಏನು ಹೇಳಿದ, ಅದರಲ್ಲಿ ನಮಗೆ ಪೆಟ್ಟು ಬಿದ್ದ ಮಾತು ಯಾವುದು ಅಂತ ಬರೆಯಬೇಕು. ಹತ್ತು ಜನರಲ್ಲಿ ಆರೇಳು ಜನ ಎರಡನೇ ತಾರೀಕಿಗೇ ಬರುವುದು ಬಿಡುತ್ತಾರೆ. ಉಳಿದವರೇ ನಮಗೆ ಬೇಕಾದವರು. ಅವರಿಗೆ ಕೊನೆಯಲ್ಲಿ ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆದರೆ ಮುಂದಿನ ವರ್ಷ ಎಲ್ಲರೂ ಉತ್ತರ ತಯಾರು ಮಾಡಿಕೊಂಡೇ ಬರುತ್ತಾರೆ. ಬಿಡಿ.

ಸೇರಿದ ಮೇಲೆ ಮೊದಲ ತಿಂಗಳು ತಾರೀಕು ಎಣಿಸುವುದು ಒಂದೇ ಕೆಲಸ. ಚೆಕ್ ಬೌನ್ಸ್ ಕಡತಕ್ಕಿಂತ ಒಳ್ಳೆಯ ಪಾಠ ಇದಕ್ಕೆ ಇಲ್ಲ. ನಾನು ಕೊಡುವ ಲೆಕ್ಕ ಹೀಗಿರುತ್ತದೆ: ಚೆಕ್ಕಿನ ಮೇಲೆ ಮಾರ್ಚ್ 3. ಹಣ ಇಲ್ಲ ಅಂತ ಬ್ಯಾಂಕಿನ ಮೆಮೊ ಕೈಸೇರಿದ್ದು ಮೇ 12. ನೋಟಿಸು ಕಳಿಸಲು ಕೊನೆಯ ದಿನ ಯಾವುದು?

"ಜೂನ್ 12 ರೀ ಸರ್."

"ಒಂದು ತಿಂಗಳು ಅಂತ ಯಾರ್ ಹೇಳಿದ್ರು? 30 ದಿನ. ಮೇ ತಿಂಗಳಿಗೆ 31 ದಿನ ಐತಿ."

ಮೆಮೊ ಬಂದ ದಿನ ಬಿಟ್ಟು ಎಣಿಸಿದರೆ ಮೇ ತಿಂಗಳಲ್ಲಿ 19, ಜೂನ್‌ನಲ್ಲಿ 11. ಅಂದರೆ ಜೂನ್ 11ಕ್ಕೆ ಮುಗಿಯಿತು. ಇಲ್ಲಿ ಒಂದು ದಿನ ತಪ್ಪಿದರೆ ಮನ್ನಾ ಮಾಡಿಸುವ ದಾರಿ ಇಲ್ಲ. ಚೆಕ್ಕಿಗೆ ಆಯುಷ್ಯ ಉಳಿದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿ ಹೊಸ ಮೆಮೊ ತರಬಹುದಿತ್ತು. ಆದರೆ ಮಾರ್ಚ್ 3ರ ಚೆಕ್ಕಿನ ಮೂರು ತಿಂಗಳು ಜೂನ್ ಮೊದಲ ವಾರಕ್ಕೇ ತೀರಿರುತ್ತದೆ, ಉಳಿಯುವುದು ವಸೂಲಿ ದಾವೆ ಮಾತ್ರ. ಇನ್ನು ನೋಟಿಸು ಜೂನ್ 5ಕ್ಕೆ ಹೋಯಿತು, 9ಕ್ಕೆ ತಲುಪಿತು ಅಂದುಕೊಳ್ಳಿ. ಹಣ ಕೊಡಲು 15 ದಿನ, ಅದು 24ಕ್ಕೆ ಮುಗಿಯುತ್ತದೆ. ದೂರಿಗೆ ಕಾರಣ ಹುಟ್ಟುವುದು 25ಕ್ಕೆ. ಈಗ ಕಾನೂನು ಹೇಳುವುದು 30 ದಿನ ಅಲ್ಲ, ಒಂದು ತಿಂಗಳು. 25ನ್ನು ಬಿಟ್ಟು ಎಣಿಸಬೇಕು ಅಂತ 1999ರ ಸಾಕೇತ್ ಇಂಡಿಯಾ ತೀರ್ಪಿದೆ, ಆದ್ದರಿಂದ ಜುಲೈ 25ರವರೆಗೆ ಅವಕಾಶ. ಅವಸರ ಮಾಡಿ ಜೂನ್ 20ಕ್ಕೇ ದೂರು ಹಾಕಿದರೆ ಅದೂ ನಿಲ್ಲುವುದಿಲ್ಲ. ಈ ದೂರು ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು, ನೋಟಿಸಿಗೆ ಆ ದಾರಿ ಇಲ್ಲ. ಎಲ್ಲಿ ಬಾಗಿಲು ತೆರೆದಿದೆ, ಎಲ್ಲಿ ಮುಚ್ಚಿದೆ ಅನ್ನುವುದು ಬೆರಳ ತುದಿಯಲ್ಲಿ ಕೂತ ಮೇಲೆಯೇ ನಾನು ಕಡತ ಕೈಗೆ ಕೊಡುವುದು.

ಎರಡನೇ ಹಂತ ಡ್ರಾಫ್ಟು. ಇಲ್ಲಿ ಸೀನಿಯರ್‌ಗಳು ಮಾಡುವುದು ಒಂದೇ: ಹುಡುಗ ಬರೆದದ್ದನ್ನು ಹೊಡೆದುಹಾಕಿ ತಾವೇ ಹೇಳಿ ಟೈಪ್ ಮಾಡಿಸುತ್ತಾರೆ. ಬೇಗ ಆಗುತ್ತದೆ, ಆದರೆ ಹುಡುಗನಿಗೆ ಏನೂ ಹತ್ತುವುದಿಲ್ಲ. ನಾನು ತಿದ್ದುವುದಿಲ್ಲ. ತಪ್ಪಿರುವ ಸಾಲಿನ ಎದುರು ಕೆಂಪು ಗೆರೆ ಎಳೆದು ವಾಪಸ್ ಕೊಡುತ್ತೇನೆ, ಏನು ತಪ್ಪು ಅಂತ ಬರೆಯುವುದಿಲ್ಲ. ಎರಡು ಸಲ ಹಾಗೆ. ಮೂರನೇ ಸಲ ಜೊತೆಗೆ ಕೂತು ಮುಗಿಸುತ್ತೇನೆ. ಪಾಲಿನ ದಾವೆಯಲ್ಲಿ ಕೆಂಪು ಗೆರೆ ಸಾಮಾನ್ಯವಾಗಿ ಬೀಳುವುದು ಎರಡು ಕಡೆ. ಒಂದು ವಂಶಾವಳಿ: ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಟ್ಟಿರುತ್ತಾರೆ, ಬೇಕಾದ ಪಕ್ಷಕಾರರು ಸೇರಿಲ್ಲ ಅಂತ ಎದುರಿನವರು ಲಿಖಿತ ಹೇಳಿಕೆಯಲ್ಲಿ ಮೊದಲು ಹಿಡಿಯುವುದೇ ಅದನ್ನು. ಇನ್ನೊಂದು ಚಕ್ಕುಬಂದಿ: ಹಳೆ ಖರೀದಿ ಪತ್ರದಲ್ಲಿದ್ದದ್ದನ್ನು ಹಾಗೇ ಇಳಿಸಿರುತ್ತಾರೆ, ಅಷ್ಟರಲ್ಲಿ ಹಿಸ್ಸಾ ಬಿದ್ದು ಪಹಣಿಯಲ್ಲಿ ಸರ್ವೆ ನಂಬರೇ ಬೇರೆ ಆಗಿರುತ್ತದೆ. ಡಿಕ್ರಿ ಆದಮೇಲೆ ಅಮಲ್ಜಾರಿಗೆ ಹೋದಾಗ ಇದು ಕೊರಳಿಗೆ ಸುತ್ತಿಕೊಳ್ಳುತ್ತದೆ. ಈ ಪದ್ಧತಿಯಲ್ಲಿ ಒಂದು ದಾವೆಗೆ ವಾರ ಹತ್ತು ದಿನ ಜಾಸ್ತಿ ಹಿಡಿಯುತ್ತದೆ, ಆದ್ದರಿಂದ ತಡೆಯಾಜ್ಞೆಯ ತುರ್ತು ಇರುವ ಕಡತಕ್ಕೆ ಇದು ಬೇಡ.

ಹಣದ ಮಾತು. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಸುತ್ತೋಲೆ ಹೊರಡಿಸಿ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂದಿತು. ಜಿಲ್ಲಾ ಕೋರ್ಟಿನ ಎಷ್ಟು ಆಫೀಸು ಅಷ್ಟು ಕೊಡುತ್ತವೆ ಅನ್ನುವುದು ಓದುವ ನಿಮಗೂ ಗೊತ್ತು. ನಾನು ಶುರು ಮಾಡಿದ್ದು ಎಂಟು ಸಾವಿರದಿಂದ, ಈಗ 15,000ದ ಹತ್ತಿರ ಬಂದಿದೆ. ಆದರೆ ಜನ ನಿಲ್ಲುವುದು ಈ ಮೊತ್ತದಿಂದಲ್ಲ. ಮೊದಲು ಬರೀ ಸ್ಟೈಪೆಂಡ್ ಕೊಟ್ಟ ಪದ್ಧತಿಯಲ್ಲಿ ಒಬ್ಬರೂ ವರ್ಷ ದಾಟಲಿಲ್ಲ. ಬದಲಾದದ್ದು ಪಾಲು ಕೊಡಲು ಶುರು ಮಾಡಿದ ಮೇಲೆ. ನೋಟಿಸಿನ ಫೀ, ಎರಡು ಸಾವಿರದ ಆಸುಪಾಸು, ಬರೆದವನಿಗೆ ಪೂರ್ತಿ. ಅವನೇ ನಡೆಸುವ ಸಣ್ಣ ಕೇಸಿನಲ್ಲಿ ಮೂರನೇ ಒಂದು ಪಾಲು. ಹಣ ಬಂದ ದಿನವೇ, ಕಕ್ಷಿದಾರರ ಎದುರಿಗೇ ಕೊಡುವುದು. ತಿಂಗಳ ಕೊನೆಗೆ ಲೆಕ್ಕ ಮಾಡೋಣ ಅಂದರೆ ಅನುಮಾನ ಹುಟ್ಟುತ್ತದೆ. ವಕೀಲರ ನಡುವೆ ಫೀ ಹಂಚಿಕೊಳ್ಳಬಹುದು. ಸನ್ನದು ಇಲ್ಲದ ವಿದ್ಯಾರ್ಥಿಗೆ ಫೀಯಲ್ಲಿ ಪಾಲು ಕೊಡುವ ಹಾಗಿಲ್ಲ, ಅವರಿಗೆ ಓಡಾಟದ ಖರ್ಚು ಮಾತ್ರ.

ವಕಾಲತ್ತಿನಲ್ಲಿ ಜೂನಿಯರ್ ಹೆಸರು ಮೊದಲ ದಿನದಿಂದಲೇ ಇರಲಿ. ಬಾಯಿ ಬಿಡಿಸುವುದು ಬ್ಯಾಂಕ್ ಮ್ಯಾನೇಜರ್, ಪಂಚರಂಥ ಔಪಚಾರಿಕ ಸಾಕ್ಷಿಗಳಿಂದ. ಮುಖ್ಯ ವಾದಿಯ ಪಾಟೀಸವಾಲು ಹೊಸಬರಿಗೆ ಕೊಟ್ಟರೆ, ಕೇಳಬಾರದ ಒಂದು ಪ್ರಶ್ನೆ ಕೇಳಿ ವಾದಿಯ ಕೈಯಿಂದಲೇ ಇಲ್ಲದ ಸ್ವಾಧೀನ ಹೇಳಿಸಿಬಿಡುತ್ತಾರೆ. ಕಕ್ಷಿದಾರ ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ ಅನ್ನುವುದು ನೆನಪಿರಲಿ.

ನಡುವೆ ಕೆಲವು ಪ್ರಯೋಗವೂ ಆದವು. ಶನಿವಾರ ಸಂಜೆ ಅಣಕು ಪಾಟೀಸವಾಲು ಚೆನ್ನಾಗಿ ನಡೆಯಿತು, ಭಾನುವಾರಕ್ಕೆ ಇಟ್ಟಾಗ ಯಾರೂ ಬರಲಿಲ್ಲ. ವಾಟ್ಸಾಪ್ ಗುಂಪು ತಿಂಗಳೊಳಗೆ ಗುಡ್ ಮಾರ್ನಿಂಗ್ ಚಿತ್ರಗಳಿಗೆ ಇಳಿಯಿತು, ಮುಚ್ಚಿದೆ. ಹಿಡಿದದ್ದು ಬೇರೆಯೇ ಒಂದು. 2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನು ಬಂದಾಗ ಹಿರಿಯರ ಬಾಯಲ್ಲೆಲ್ಲ ಹಳೆ ನಂಬರು. ವಿದ್ಯಾರ್ಥಿಗಳ ಕೈಯಲ್ಲಿ ಒಂದು ಹಾಳೆ ಮಾಡಿಸಿದೆ: 420ಕ್ಕೆ 318(4), ನಿರೀಕ್ಷಣಾ ಜಾಮೀನಿನ 438ಕ್ಕೆ 482, ಎಲೆಕ್ಟ್ರಾನಿಕ್ ಪುರಾವೆಯ 65ಬಿಗೆ 63, ಹೀಗೆ. ಹಳೆ 482 ಅಂದರೆ ಪ್ರಕರಣ ರದ್ದತಿ, ಅದೀಗ 528. ಗೊಂದಲ ಜಾಸ್ತಿ ಆಗುತ್ತಿದ್ದದ್ದು ಈ ಒಂದು ನಂಬರಿನಲ್ಲೇ. ಕೆಳಗೆ ಮಾಡಿದ ಹುಡುಗರ ಹೆಸರು ಹಾಕಿದೆ, ನನ್ನದು ಹಾಕಲಿಲ್ಲ. ಬಾರ್ ರೂಮಿನಲ್ಲಿ ಅದರ ಝೆರಾಕ್ಸ್ ಓಡಾಡಿತು, ಯಾರ ಆಫೀಸಿನದು ಅಂತ ಕೇಳದವರಿಲ್ಲ.

ಇನ್ನು ಬಿಟ್ಟುಹೋಗುವುದು. ಮೂರು, ನಾಲ್ಕು ವರ್ಷಕ್ಕೆ ಹೋಗೇ ಹೋಗುತ್ತಾರೆ, ನವಲಗುಂದಕ್ಕೋ ಕಲಘಟಗಿಗೋ. ಅವನೇ ನಡೆಸುತ್ತಿದ್ದ ಕೇಸಿನ ಕಕ್ಷಿದಾರ ಅವನ ಹಿಂದೆ ಹೋಗುತ್ತೇನೆ ಅಂದರೆ ಎನ್‌ಒಸಿ ಅದೇ ದಿನ ಬರೆದು ಕೊಡುವುದು. ಈಗಾಗಲೇ ವಕಾಲತ್ತು ಇರುವ ಕೇಸಿಗೆ ಹಿಂದಿನ ವಕೀಲರ ಒಪ್ಪಿಗೆ ಬೇಕು ಅಂತ 39ನೇ ನಿಯಮ ಇದೆ. ಹಲವು ಸೀನಿಯರ್‌ಗಳು ಅದನ್ನೇ ಹಿಡಿದು ತಿಂಗಳುಗಟ್ಟಲೆ ಸತಾಯಿಸುತ್ತಾರೆ. ಹೋದ ಕೇಸು ಹೇಗೂ ಬರುವುದಿಲ್ಲ, ಅದರ ಜೊತೆ ಹುಡುಗನೂ ಹೋಗುತ್ತಾನೆ. ನನ್ನಲ್ಲಿ ಒಬ್ಬರ ಹಿಂದೆ ಹೋದದ್ದು ಅಬ್ಬಬ್ಬಾ ಅಂದರೆ ಹದಿನೈದು ಸಣ್ಣ ಕಡತ. ಮೊದಲ ವರ್ಷ ಅವರಿಂದ ಏನೂ ಬರುವುದಿಲ್ಲ. ಎರಡನೇ ವರ್ಷದಿಂದ ಒಬ್ಬೊಬ್ಬರಿಂದ ಐದಾರು ಮೇಲ್ಮನವಿ, ಮತ್ತು ಒಂದು ಆರ್‌ಎಸ್‌ಎ ಫೀ ಹತ್ತು ನೋಟಿಸಿಗೆ ಸಮ. ಮೇಲ್ಮನವಿಯಲ್ಲೂ ಕಳಿಸಿದವನ ಹೆಸರು ವಕಾಲತ್ತಿನಲ್ಲಿ ಇರುತ್ತದೆ, ಪಾಲೂ ಇರುತ್ತದೆ, ತಾರೀಕು ಮುಗಿದ ಸಂಜೆ ಅವನಿಗೆ ಫೋನೂ ಹೋಗುತ್ತದೆ. ತನ್ನ ಕಕ್ಷಿದಾರನಿಗೆ ಸುದ್ದಿ ಹೇಳುವವನು ಅವನೇ ಆಗಿರಬೇಕು, ನಾನು ನೇರ ಮಾತಾಡುವುದಿಲ್ಲ.

ಒಂದು ತೊಡಕು ಉಳಿದೇ ಉಳಿಯುತ್ತದೆ. ಹಳೆಯ ಜೂನಿಯರ್ ಎದುರು ಪಕ್ಷಕ್ಕೆ ಹಾಜರಾಗುವುದು. ಆಫೀಸಿನಲ್ಲಿದ್ದಾಗ ಅವನು ನೋಡಿದ ಕಡತಗಳ ಪಟ್ಟಿ ಒಂದು ರಿಜಿಸ್ಟರಿನಲ್ಲಿ ಇಟ್ಟಿರಬೇಕು, ಬಿಡುವಾಗ ಒಂದು ಪ್ರತಿ ಅವನಿಗೂ ಕೊಡಬೇಕು. ಪಟ್ಟಿಯಲ್ಲಿರುವ ಕೇಸಿಗೆ ಅವನು ಎದುರಿನ ವಕಾಲತ್ತು ಹಾಕುವ ಹಾಗಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಧಾರಾಳವಾಗಿ ನಿಲ್ಲಲಿ. ಅಂಥ ಕೇಸಿನಲ್ಲಿ ನಾನು ತಾರೀಕು ಕೇಳಿದರೆ ಅವನು ಆಕ್ಷೇಪಣೆ ಹಾಕುತ್ತಾನೆ, ಹಾಕಲೂ ಬೇಕು. ಕೋರ್ಟಿನ ಹೊರಗೆ ಚಹಾದ ಬಿಲ್ಲು ಮಾತ್ರ ಇನ್ನೂ ನನ್ನದೇ.