ಪರಿಚಯದವರೇ ಮ್ಯಾನೇಜರ್ ಆಗಿದ್ದಾಗ ಅರ್ಜಿಯ ಮೇಲ್

ಕೆಲಸಕ್ಕೆ ಅರ್ಜಿ ಹಾಕಬೇಕಿದ್ದುದು ಪುಣೆಯ ಹಿಂಜವಡಿಯ ಕಂಪನಿಯೊಂದಕ್ಕೆ; ಅಲ್ಲಿ ಆಯ್ಕೆ ಮಾಡುವ ಮ್ಯಾನೇಜರ್ ಕನ್ನಡ ಸಂಘದ ಪರಿಚಯದವರೇ. ತೊಡಕು ಅಲ್ಲೇ. ಇಂಥ ಮೇಲ್ ಸಾಮಾನ್ಯವಾಗಿ ಹಾಗೇ ಎಚ್‌ಆರ್‌ಗೆ ಫಾರ್ವರ್ಡ್ ಆಗುತ್ತದೆ. "ಅಣ್ಣಾ, ಸ್ವಲ್ಪ ನೋಡ್ಕೊಳ್ಳಿ" ಅಂತಿದ್ದರೆ ಮುಜುಗರ ಅವರಿಗೇ, ಮುಂದೆ ಕಳಿಸಲಾರರು.

ಹಾಗಾಗಿ ಅರ್ಜಿಯ ಮೇಲ್‌ನ ಕರಡು ತಿದ್ದಿದ್ದು ಹೀಗೆ. ಸಬ್ಜೆಕ್ಟ್‌ನಲ್ಲಿ ಹುದ್ದೆಯ ಹೆಸರು, ಜಾಬ್ ಐಡಿ. ಆತ್ಮೀಯತೆಗೆ ಒಂದೇ ಸಾಲು: "ನಮಸ್ಕಾರ ಸರ್, ರಾಜ್ಯೋತ್ಸವದಲ್ಲಿ ನಿಮ್ಮನ್ನು ಭೇಟಿಯಾಗಿ ಖುಷಿಯಾಯಿತು." ನಂತರ ಆ ಹುದ್ದೆಗೆ ಹೊಂದುವ ಎರಡು ಕೆಲಸಗಳು, ಫಲಿತಾಂಶದ ಸಮೇತ, ರೆಸ್ಯೂಮೆ ಪಿಡಿಎಫ್‌ನಲ್ಲಿ. ಕೊನೆಗೆ, "ನಮ್ಮ ಪರಿಚಯವಿರುವುದರಿಂದ ಸಂದರ್ಶನ ಬೇರೆಯವರು ಮಾಡುವುದೇ ಸರಿ ಎನಿಸಿದರೆ ಹಾಗೇ ಆಗಲಿ." ಈ ಸಾಲೇ ಮುಖ್ಯ: ದಾಕ್ಷಿಣ್ಯ ಕಳೆಯುತ್ತದೆ, ಪರಿಚಯ ಮುಚ್ಚಿಟ್ಟಂತೆಯೂ ಆಗುವುದಿಲ್ಲ.

ಮನೆಯವರ ಕುಶಲವೆಲ್ಲ ವಾಟ್ಸಾಪ್‌ಗೆ.